ವರಮಹಾಲಕ್ಷ್ಮಿ ಸ್ಕ್ರಿಪ್ಟನ್ನು ತೆಲುಗು, ತಮಿಳಿಗೆ ತಂದಾಗ

ಶಿರಸಿಯಲ್ಲಿ ಕೂತು ಭಕ್ತಿ ವಿಡಿಯೋಗಳಿಗೆ ಸ್ಕ್ರಿಪ್ಟ್ ಬರೆಯುತ್ತೇನೆ. ವರಮಹಾಲಕ್ಷ್ಮಿ ವ್ರತದ ಕನ್ನಡ ಸ್ಕ್ರಿಪ್ಟ್ ಚೆನ್ನಾಗಿ ಬಂತು, ಅದನ್ನೇ ತೆಲುಗು, ತಮಿಳಿಗೂ ಮಾಡೋಣ ಎಂದು ಹೊರಟೆ. ಚಾರುಮತಿಯ ಕಥೆ ಮೂರೂ ಕಡೆ ಒಂದೇ, ಸಂಸ್ಕೃತ ಶ್ಲೋಕಕ್ಕೂ ಕೈ ಹಚ್ಚಬೇಕಿಲ್ಲ. ಹಾಗಾಗಿ ಎರಡು ದಿನದ ಕೆಲಸ ಅಂದುಕೊಂಡಿದ್ದೆ.

ಮೊದಲ ತೊಂದರೆ ಹೆಸರಲ್ಲೇ ಇತ್ತು. ಆ ಎರಡು ಕಡೆಯೂ ಆಕೆ ಬರೀ ವರಲಕ್ಷ್ಮಿ. ತೆಲುಗಿನಲ್ಲಿ ವರಲಕ್ಷ್ಮೀ ವ್ರತಂ, ತಮಿಳು ಮನೆಗಳಲ್ಲಿ ವರಲಕ್ಷ್ಮಿ ನೋನ್ಬು. ಶೀರ್ಷಿಕೆ ಬದಲಿಸಿದ್ದಾಯಿತು. ಮುಂದಿನ ಸಾಲು ‘ಶ್ರಾವಣ ಮಾಸದ ಶುಕ್ರವಾರ’. ತೆಲುಗಿನವರಿಗೆ ನಮ್ಮದೇ ಚಾಂದ್ರಮಾನ, ಸಾಲು ಹಾಗೇ ನಡೆಯುತ್ತದೆ. ತಮಿಳರದು ಸೌರಮಾನ. 2023ರಲ್ಲಿ ವ್ರತ ಆಗಸ್ಟ್ 25ಕ್ಕೆ ಬಂದಾಗ ಅವರಿಗೆ ಆವಣಿ ತಿಂಗಳು, 2025ರಲ್ಲಿ ಆಗಸ್ಟ್ 8ಕ್ಕೆ ಬಂದಾಗ ಆಡಿ. ಒಂದು ತಿಂಗಳ ಹೆಸರು ಹಾಕಿದರೆ ಇನ್ನೊಂದು ವರ್ಷ ವಿಡಿಯೋ ತಪ್ಪಾಗುತ್ತದೆ. ಅದಕ್ಕೆ ಒಂದೇ ತಿಂಗಳ ಹೆಸರು ಹಾಕುವುದನ್ನು ಬಿಟ್ಟು ‘ಆಡಿ ಅಥವಾ ಆವಣಿಯಲ್ಲಿ ಪೌರ್ಣಮಿಗೆ ಮುಂಚಿನ ಶುಕ್ರವಾರ’ ಎಂದು ಬರೆಸಿದೆ.

ನಿಜವಾಗಿ ಎಡವಿದ್ದು ಆರತಿಯಲ್ಲಿ. ‘ಆರತಿ ಎತ್ತಿ’ ಅಂತ ನಾನು ಬರೆದಿದ್ದೆ, ಅನುವಾದಕರು ತಮಿಳಿನಲ್ಲಿ ಅದನ್ನು ‘ಆರತ್ತಿ ಎಡುಂಗಳ್’ ಮಾಡಿದರು. ಪದಕ್ಕೆ ಪದ ಸರಿಯಾಗೇ ಇದೆ ಅಲ್ವಾ? ಹುಬ್ಬಳ್ಳಿಯಲ್ಲಿರುವ ಕುಂಭಕೋಣದ ಮಾಮಿಯೊಬ್ಬರಿಗೆ ಫೋನಿನಲ್ಲಿ ಓದಿ ಹೇಳಿದೆ. ‘ಕೆಂಪು ನೀರಿನ ತಟ್ಟೆ ಎಲ್ಲಿ? ಅದನ್ನು ಕಲಸೋಕೆ ಹೇಳೇ ಇಲ್ವಲ್ಲ ನೀವು’ ಅಂದರು. ಅವರ ಮನೆಯಲ್ಲಿ ‘ಆರತ್ತಿ ಎಡುಕ್ಕಿರದು’ ಅಂದರೆ ಅರಿಶಿನ, ಸುಣ್ಣ ಕಲಸಿದ ನೀರನ್ನು ದೃಷ್ಟಿ ತೆಗೆಯಲು ಸುತ್ತುವುದು. ದೇವರ ಮುಂದಿನ ಕರ್ಪೂರಕ್ಕೆ ಕ್ರಿಯಾಪದವೇ ಬೇರೆ, ‘ಕರ್ಪೂರಂ ಕಾಟ್ಟುವದು’, ಅಂದರೆ ತೋರಿಸುವುದು. ತೆಲುಗಿನಲ್ಲಿ ಮತ್ತೊಂದು, ‘ಹಾರತಿ ಇವ್ವಡಂ’, ಕೊಡುವುದು. ನಾವು ಎತ್ತುತ್ತೇವೆ, ತೆಲುಗಿನವರು ಕೊಡುತ್ತಾರೆ, ತಮಿಳರು ತೋರಿಸುತ್ತಾರೆ. ಹೆಸರನ್ನು ಮಾತ್ರ ನೋಡಿದ್ದರೆ ಇದು ನನಗೆ ಸಿಗುತ್ತಲೇ ಇರಲಿಲ್ಲ.

ಅಲ್ಲಿಂದ ನಾನು ಕೇಳುವ ರೀತಿ ಬದಲಾಯಿತು. ‘ಬಾಗಿನಕ್ಕೆ ನಿಮ್ಮಲ್ಲಿ ಏನಂತಾರೆ’ ಅಂತ ಕೇಳುವುದನ್ನು ಬಿಟ್ಟೆ. ‘ಪೂಜೆ ಮುಗೀತು, ಪಕ್ಕದ ಮನೆಯವರು ಬಂದರು, ಈಗ ನೀವು ಏನು ಮಾಡ್ತೀರಿ’ ಅಂತ ಕೇಳಲು ಶುರುಮಾಡಿದೆ. ಆ ಜಾಗದಲ್ಲಿ ನನ್ನ ಸ್ಕ್ರಿಪ್ಟಿನಲ್ಲಿ ‘ಮುತ್ತೈದೆಯರಿಗೆ ಉಡಿ ತುಂಬಿ’ ಎಂದಿತ್ತು. ಮಾರಿಕಾಂಬೆಗೆ ಉಡಿ ತುಂಬಿ ಬೆಳೆದ ನಮಗೆ ಅದು ಸಹಜ. ತೆಲುಗು ಕರಡಿನಲ್ಲಿ ಅದು ‘ಒಡಿ ಬಿಯ್ಯಂ’ ಆಗಿತ್ತು. ತೆಲಂಗಾಣದಲ್ಲಿ ಅದು ಹೆಚ್ಚಾಗಿ ಮಗಳನ್ನು ತವರಿಗೆ ಕರೆದು ಮಡಿಲಿಗೆ ಅಕ್ಕಿ ತುಂಬುವ ಶಾಸ್ತ್ರ, ಈ ವ್ರತದ್ದಲ್ಲ. ಬಳ್ಳಾರಿಯ ಗೆಳತಿಯ ಅತ್ತೆ ಗುಂಟೂರಿನವರು. ‘ನಾವು ವಾಯನಂ ಕೊಡ್ತೀವಮ್ಮ’ ಎಂದು ಬಿಡಿಸಿ ಹೇಳಿದರು. ತಾಂಬೂಲ, ಅರಿಶಿನ ಕುಂಕುಮ, ಹಣ್ಣು, ನೆನೆಸಿದ ಕಡಲೆ. ಕೊಡುವವರು ‘ಇಸ್ತಿನಮ್ಮ ವಾಯನಂ’ ಅನ್ನಬೇಕು, ತಗೊಳ್ಳುವವರು ‘ಪುಚ್ಚುಕುಂಟಿನಮ್ಮ ವಾಯನಂ’ ಅನ್ನಬೇಕು. ಈ ಎರಡು ಮಾತನ್ನು ನಿರೂಪಕಿಯ ಬಾಯಲ್ಲಿ ಹಾಕದೆ ಬೇರೆ ಇಬ್ಬರು ಹೆಂಗಸರ ದನಿಯಲ್ಲಿ ರೆಕಾರ್ಡ್ ಮಾಡಿಸಿದೆ. ತಮಿಳಿನಲ್ಲಿ ‘ಸುಮಂಗಲಿಗಳಿಗೆ ವೆತ್ತಿಲೈ ಪಾಕ್ಕು’, ಅಂದರೆ ಎಲೆ ಅಡಿಕೆ, ಎಂದಿಟ್ಟರೆ ಸಾಕಾಯಿತು.

ದಾರದ ವಿಷಯ ಬೇರೆ. ಬಲಗೈಗೆ ಕಟ್ಟುವ ಒಂಬತ್ತು ಗಂಟಿನ ದಾರಕ್ಕೆ ತೆಲುಗಿನಲ್ಲಿ ತೋರಂ, ತಮಿಳಿನಲ್ಲಿ ನೋನ್ಬು ಸರಡು. ಟೈಪ್ ಮಾಡಿದವರು ತೋರಂ ಅನ್ನೋದು ತಪ್ಪಿರಬೇಕು ಎಂದು ‘ತೋರಣಂ’ ಎಂದು ತಿದ್ದಿಬಿಟ್ಟಿದ್ದರು. ರೆಕಾರ್ಡಿಂಗೂ ಆಗಿಹೋಯಿತು. ಮಾವಿನೆಲೆ ತೋರಣವನ್ನು ಬಲಗೈಗೆ ಕಟ್ಟಿಕೊಳ್ಳಿ ಅಂದ ಹಾಗೆ! ಆ ಒಂದು ಸಾಲನ್ನು ಮತ್ತೆ ಹೇಳಿಸಬೇಕಾಯಿತು. ಈಗ ಇಂಥ ಪದಗಳನ್ನು ಕರಡಿನಲ್ಲಿ ಹಳದಿ ಬಣ್ಣ ಹಾಕಿ, ಪಕ್ಕದಲ್ಲಿ ಅರ್ಥ ಬರೆದು ‘ತಿದ್ದಬೇಡಿ’ ಎಂದು ಗುರುತು ಹಾಕುತ್ತೇನೆ. ಎರಡೂ ಆವೃತ್ತಿಗಳನ್ನು ಮಾಮಿಗೆ, ಗುಂಟೂರಿನ ಆ ಅತ್ತೆಗೆ ಪೂರ್ತಿ ಕೇಳಿಸಿದ ಮೇಲೇ ಚಿತ್ರ ಜೋಡಿಸುವುದು.

ತಮಿಳಿಗೆ ಒಂದು ದೃಶ್ಯವನ್ನೇ ಹೊಸದಾಗಿ ಸೇರಿಸಿದೆ. ಅಲ್ಲಿನ ಹಲವು ಮನೆಗಳಲ್ಲಿ ಗುರುವಾರ ಸಂಜೆಯೇ ಕಲಶಕ್ಕೆ ಮುಖವಿಟ್ಟು, ಹೊಸ್ತಿಲ ಬಳಿಯಿಂದ ಅಮ್ಮನನ್ನು ಹಾಡಿ ಕರೆದು ಒಳಗೆ ತರುತ್ತಾರೆ. ನೈವೇದ್ಯದಲ್ಲಿ ಹೋಳಿಗೆ ತೆಗೆದು ಕೊಳುಕಟ್ಟೈ ಎಂಬ ಕಡುಬು ಇಟ್ಟೆ. ಮಾಮಿ ಇನ್ನೂ ಒಂದು ಮಾತು ಸೇರಿಸಲು ಹೇಳಿದರು. ಈ ನೋನ್ಬು ತಮಿಳಿನಲ್ಲಿ ಎಲ್ಲರ ಮನೆಯಲ್ಲೂ ಇಲ್ಲ, ಇದ್ದವರಲ್ಲೂ ಕ್ರಮ ಬೇರೆ ಬೇರೆ. ಹಾಗಾಗಿ ಶುರುವಿನಲ್ಲೇ ‘ಉಂಗಳ್ ವೀಟ್ಟು ವಳಕ್ಕಪ್ಪಡಿ’, ಅಂದರೆ ನಿಮ್ಮ ಮನೆಯ ರೂಢಿಯಂತೆ, ಎಂದು ನಿರೂಪಕಿ ಹೇಳುತ್ತಾಳೆ. ಅದು ಚೆನ್ನಾಗಿದೆ ಅನ್ನಿಸಿ ಕನ್ನಡದ ಸ್ಕ್ರಿಪ್ಟಿಗೂ ಆ ಸಾಲನ್ನು ತಂದೆ.