ಕಂಪನಿ ಕೊಂಡಾಯಿತು, ಜನರನ್ನು ಉಳಿಸಿಕೊಳ್ಳುವುದು ಹೇಗೆ?

2019ರ ಮಾರ್ಚ್‌ನಲ್ಲಿ ಎಲ್ ಆ್ಯಂಡ್ ಟಿ ಬೆಂಗಳೂರಿನ ಐಟಿ ಕಂಪನಿ ಮೈಂಡ್‌ಟ್ರೀಯ ಶೇಕಡಾ 20ರಷ್ಟು ಷೇರುಗಳನ್ನು ವಿ.ಜಿ. ಸಿದ್ಧಾರ್ಥ ಅವರಿಂದ ಕೊಳ್ಳಲು ಒಪ್ಪಂದ ಮಾಡಿಕೊಂಡು, ಕಂಪನಿಯ ಹಿಡಿತ ಪಡೆಯಲು ಹೊರಟಿತು. ಸ್ಥಾಪಕರು ಬಹಿರಂಗವಾಗಿಯೇ ವಿರೋಧಿಸಿದರು. ಜುಲೈ ಹೊತ್ತಿಗೆ ಆಡಳಿತದಲ್ಲಿದ್ದ ಮೂವರು ಸ್ಥಾಪಕರು ರಾಜೀನಾಮೆ ಕೊಟ್ಟಿದ್ದರು. ಆದರೆ ಈ ಕಥೆಯ ಇನ್ನೊಂದು ಭಾಗ ಅಷ್ಟಾಗಿ ಚರ್ಚೆಯಾಗಲಿಲ್ಲ. ಎಲ್ ಆ್ಯಂಡ್ ಟಿ ಕೈಗೆ ಬಂದ ಮೇಲೂ ಮೈಂಡ್‌ಟ್ರೀ ಪ್ರತ್ಯೇಕ ಕಂಪನಿಯಾಗಿಯೇ ನಡೆಯಿತು. ಅದೇ ಗುಂಪಿನ ಇನ್ನೊಂದು ಐಟಿ ಕಂಪನಿ ಎಲ್‌ಟಿಐ ಜೊತೆ ವಿಲೀನವಾದದ್ದು 2022ರ ನವೆಂಬರ್‌ನಲ್ಲಿ, ಅಂದರೆ ಮೂರು ವರ್ಷ ಕಳೆದ ಮೇಲೆ.

ದೊಡ್ಡ ಕಂಪನಿಗೆ ಹೀಗೆ ಕಾಯುವ ಶಕ್ತಿ ಇರುತ್ತದೆ. ಇಪ್ಪತ್ತು, ಮೂವತ್ತು ಜನರ ಸಂಸ್ಥೆಯನ್ನು ಕೊಳ್ಳುವ ಮಧ್ಯಮ ಗಾತ್ರದ ಕಂಪನಿಗೆ ಅದಿರುವುದಿಲ್ಲ. ಆರು ತಿಂಗಳೊಳಗೆ ಎರಡು ತಂಡಗಳು ಒಟ್ಟಿಗೆ ಕೆಲಸ ಮಾಡಲೇಬೇಕು. ಅಂಥ ಕಡೆ ಏನು ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು ಎಂಬುದನ್ನು ಒಂದು ಕಲ್ಪಿತ ಉದಾಹರಣೆ ಇಟ್ಟುಕೊಂಡು ನೋಡೋಣ.

ಬೆಂಗಳೂರಿನ 140 ಜನರ ಕಂಪನಿಯೊಂದು ಆಸ್ಪತ್ರೆಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತದೆ. ಅದು ಮೈಸೂರಿನ 22 ಜನರ ಸಂಸ್ಥೆಯನ್ನು ಕೊಳ್ಳುತ್ತದೆ. ಮೈಸೂರಿನವರದ್ದು ರಕ್ತಪರೀಕ್ಷೆ ಲ್ಯಾಬ್‌ಗಳ ರಿಪೋರ್ಟ್ ಸಾಫ್ಟ್‌ವೇರ್. ಬೆಂಗಳೂರಿನಲ್ಲಿ ಪ್ರತಿ ಕೆಲಸವನ್ನೂ ಮೊದಲು ಟಿಕೆಟ್ ಆಗಿ ಕಂಪ್ಯೂಟರಿನಲ್ಲಿ ದಾಖಲಿಸಬೇಕು, ಮೂವರ ಒಪ್ಪಿಗೆ ಬೇಕು, ಹೊಸ ಆವೃತ್ತಿ ತಿಂಗಳಿಗೊಮ್ಮೆ ಹೊರಬರುತ್ತದೆ. ಮೈಸೂರಿನಲ್ಲಿ ಲ್ಯಾಬ್‌ನವರು ನೇರವಾಗಿ ಡೆವಲಪರ್‌ಗೇ ಫೋನ್ ಮಾಡುತ್ತಾರೆ, ಸಂಜೆಯೊಳಗೆ ಸರಿಹೋಗುತ್ತದೆ.

ಹೆಜ್ಜೆ 1: ಕೆಲಸ ಯಾರ ಮೇಲೆ ನಿಂತಿದೆ ಎಂದು ಕಂಡುಹಿಡಿಯಿರಿ

ಖರೀದಿಯ ಕಾಗದಪತ್ರಗಳಲ್ಲಿ ಸ್ಥಾಪಕರ ಹೆಸರು, ತಾಂತ್ರಿಕ ಮುಖ್ಯಸ್ಥರ ಹೆಸರು ಇರುತ್ತದೆ. ಇವರನ್ನು ಕಟ್ಟಿಹಾಕಲು ಕರಾರು ಇದ್ದೇ ಇರುತ್ತದೆ. ಕಂಪನಿಗೆ ನಿಜವಾದ ನಷ್ಟವಾಗುವುದು ಆ ಪಟ್ಟಿಯಲ್ಲಿ ಇಲ್ಲದವರು ಹೋದಾಗ.

ನಮ್ಮ ಮೈಸೂರು ತಂಡದಲ್ಲಿ ಸಪೋರ್ಟ್ ವಿಭಾಗದ ಒಬ್ಬರಿದ್ದಾರೆ ಎಂದುಕೊಳ್ಳಿ. ಹುದ್ದೆ ಸಣ್ಣದು, ಸಂಬಳವೂ ಸಾಧಾರಣ. ಆದರೆ ಲ್ಯಾಬ್‌ಗಳಲ್ಲಿರುವ ಅನಲೈಸರ್ ಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸುವ ಕೆಲಸ ಪೂರ್ತಿ ಅವರದೇ. ಒಂದೊಂದು ತಯಾರಕರ ಯಂತ್ರ ಫಲಿತಾಂಶವನ್ನು ಒಂದೊಂದು ರೀತಿ ಕಳಿಸುತ್ತದೆ. ಹಳೆಯ ಯಂತ್ರಗಳು ಇನ್ನೂ ಸೀರಿಯಲ್ ಕೇಬಲ್ ಮೇಲೆ ನಡೆಯುತ್ತವೆ. ಯಾವ ಊರಿನ ಯಾವ ಲ್ಯಾಬ್‌ನಲ್ಲಿ ಯಾವ ಯಂತ್ರ ಎಲ್ಲಿ ತಪ್ಪುತ್ತದೆ ಎಂಬುದು ಇವರ ತಲೆಯಲ್ಲಿದೆ, ಬೇರೆಲ್ಲೂ ಬರೆದಿಟ್ಟಿಲ್ಲ.

ಇಂಥವರನ್ನು ಹುಡುಕಲು ಎರಡು ಪ್ರಶ್ನೆ ಸಾಕು. ತಂಡದ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಕೇಳಿ: ‘ನಿಮಗೆ ಗೊತ್ತಾಗದ್ದು ಬಂದರೆ ಮೊದಲು ಯಾರನ್ನು ಕೇಳ್ತೀರಿ?’, ‘ಯಾರು ಹದಿನೈದು ದಿನ ರಜೆ ಹಾಕಿದರೆ ಕೆಲಸ ನಿಲ್ಲುತ್ತೆ?’ ಇಪ್ಪತ್ತೆರಡು ಜನರನ್ನು ಕೇಳಿದರೆ ಮೂರೋ ನಾಲ್ಕೋ ಹೆಸರು ಮತ್ತೆ ಮತ್ತೆ ಬರುತ್ತವೆ. ಮ್ಯಾನೇಜರ್ ಕೊಟ್ಟ ಪಟ್ಟಿಗೂ ಇದಕ್ಕೂ ವ್ಯತ್ಯಾಸ ಬಂದರೆ, ತಂಡ ಹೇಳಿದ್ದನ್ನು ನಂಬಿ. ಇದೇ ಪ್ರಶ್ನೆಗಳನ್ನು ಬೆಂಗಳೂರಿನ ತಂಡದಲ್ಲೂ ಕೇಳಬೇಕು. ಹೊಸಬರಿಗೆ ವಿಶೇಷ ಬೋನಸ್ ಸಿಕ್ಕಿತಂತೆ ಎಂಬ ಸುದ್ದಿ ಹಬ್ಬಿದಾಗ ಮೊದಲು ಮುನಿಸಿಕೊಳ್ಳುವವರು ಹಳೆಯ ಕಡೆಯವರೇ.

ಹೆಜ್ಜೆ 2: ಮೊದಲ ವಾರವೇ ಕಾಗದದ ಮೇಲೆ ಉತ್ತರ ಕೊಡಿ

ಖರೀದಿಯ ಸುದ್ದಿ ಬಂದ ದಿನ ನೌಕರ ಮನೆಗೆ ಹೋಗಿ ಯೋಚಿಸುವುದು ಕಂಪನಿಯ ದೂರದೃಷ್ಟಿಯ ಬಗ್ಗೆ ಅಲ್ಲ. ನನ್ನ ಬಾಸ್ ಯಾರು? ಬೆಂಗಳೂರಿಗೆ ಹೋಗಬೇಕಾ? ಡೆಸಿಗ್ನೇಷನ್ ಇಳಿಯುತ್ತಾ? ಇಷ್ಟು ವರ್ಷದ ಸರ್ವಿಸ್ ಏನಾಗುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಸಿಗದೆ ಎರಡು ವಾರ ಕಳೆದರೆ ಜನ ಬಯೋಡೇಟಾ ತಿದ್ದಲು ಕೂರುತ್ತಾರೆ.

ಸರ್ವಿಸ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಖರೀದಿ ಎರಡು ಬಗೆಯಲ್ಲಿ ನಡೆಯುತ್ತದೆ. ಷೇರುಗಳನ್ನು ಕೊಂಡರೆ ಹಳೆಯ ಕಂಪನಿ ಹಾಗೆಯೇ ಇರುತ್ತದೆ, ಮಾಲೀಕ ಮಾತ್ರ ಬದಲಾಗುತ್ತಾನೆ, ನೌಕರರ ಸೇವೆ ಮುರಿಯುವುದಿಲ್ಲ. ವ್ಯವಹಾರವನ್ನಷ್ಟೇ ಕೊಂಡರೆ ನೌಕರರು ಹೊಸ ಕಂಪನಿಗೆ ವರ್ಗವಾಗುತ್ತಾರೆ, ಹೊಸ ನೇಮಕಾತಿ ಪತ್ರ ಬರುತ್ತದೆ. ಆ ಪತ್ರದಲ್ಲಿ ಹಿಂದಿನ ಸೇವೆ ಮುಂದುವರಿಯುತ್ತದೆ ಎಂಬ ಸಾಲು ಇರಲೇಬೇಕು. ಕಾಯಂ ನೌಕರರು ಕೆಲಸ ಬಿಡುವಾಗ ಗ್ರಾಚ್ಯುಯಿಟಿ ಸಿಗಬೇಕಾದರೆ ಸಾಮಾನ್ಯವಾಗಿ ಐದು ವರ್ಷದ ನಿರಂತರ ಸೇವೆ ಆಗಿರಬೇಕು. ನಾಲ್ಕು ವರ್ಷ ಮುಗಿಸಿದವರ ಪತ್ರದಲ್ಲಿ ಸೇರಿದ ದಿನಾಂಕವೆಂದು ಖರೀದಿಯ ದಿನವನ್ನು ಬರೆದರೆ, ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಯಿತು ಎಂದೇ ಅವರು ಓದುತ್ತಾರೆ. ಅದು ಟೈಪಿಂಗ್ ತಪ್ಪೇ ಇರಲಿ, ಅಷ್ಟು ಹೊತ್ತಿಗೆ ನಂಬಿಕೆ ಹೋಗಿರುತ್ತದೆ. ಕೂಡಿಟ್ಟ ರಜೆ, ನೋಟಿಸ್ ಪೀರಿಯಡ್, ಪಿಎಫ್ ಬಗ್ಗೆಯೂ ಅದೇ ಪತ್ರದಲ್ಲಿ ಒಂದೊಂದು ಸಾಲು ಇರಲಿ.

ಇನ್ನೂ ತೀರ್ಮಾನವಾಗದ ವಿಷಯವಿದ್ದರೆ ಅದು ತೀರ್ಮಾನವಾಗುವ ದಿನಾಂಕ ಬರೆಯಿರಿ. ‘ಏನೂ ಬದಲಾಗಲ್ಲ’ ಎಂದು ಮಾತ್ರ ಯಾವತ್ತೂ ಹೇಳಬೇಡಿ. ಮೂರನೇ ತಿಂಗಳು ಹಾಜರಾತಿ ಆ್ಯಪ್ ಬದಲಾದರೂ ಆ ಮಾತು ಸುಳ್ಳಾಗುತ್ತದೆ.

ಬದಲಾಗದ್ದು ಏನು ಎಂದು ನಿರ್ದಿಷ್ಟವಾಗಿ ಬರೆದುಕೊಡುವುದು ಇದಕ್ಕಿಂತ ಒಳ್ಳೆಯ ದಾರಿ. 2006ರಲ್ಲಿ ಡಿಸ್ನಿ ಕಂಪನಿ ಪಿಕ್ಸಾರ್ ಅನಿಮೇಷನ್ ಸ್ಟುಡಿಯೋವನ್ನು ಕೊಂಡಾಗ, ಪಿಕ್ಸಾರ್‌ನ ಯಾವ ಯಾವ ಪದ್ಧತಿಗಳನ್ನು ಮುಟ್ಟುವುದಿಲ್ಲ ಎಂಬ ಪಟ್ಟಿಗೆ ಎರಡೂ ಕಡೆಯವರು ಒಪ್ಪಿದ್ದರು. ಪಿಕ್ಸಾರ್‌ನ ಎಡ್ ಕ್ಯಾಟ್ಮಲ್ ಪಿಕ್ಸಾರ್ ಮತ್ತು ಡಿಸ್ನಿಯ ಎರಡೂ ಅನಿಮೇಷನ್ ಸ್ಟುಡಿಯೋಗಳ ಮುಖ್ಯಸ್ಥರಾದರು, ಆದರೂ ತಂಡಗಳನ್ನು ಕಲೆಸಲಿಲ್ಲ. ಒಂದು ಸ್ಟುಡಿಯೋ ಕಷ್ಟದಲ್ಲಿದ್ದರೆ ಇನ್ನೊಂದರಿಂದ ಜನರನ್ನು ಎರವಲು ತರುವಂತಿಲ್ಲ ಎಂಬ ನಿಯಮ ಇಟ್ಟರು. ಮೈಸೂರಿನ ಮಟ್ಟಿಗೆ ಆ ಪಟ್ಟಿ ನಾಲ್ಕು ಸಾಲಿನದಾದರೂ ಸಾಕು: ಕಚೇರಿ ಮೈಸೂರಿನಲ್ಲೇ ಇರುತ್ತದೆ, ಲ್ಯಾಬ್‌ಗಳ ಫೋನ್ ನಂಬರ್ ಬದಲಾಗದು, ಈಗಿನ ತಂಡದ ಮುಖ್ಯಸ್ಥರೇ ಒಂದು ವರ್ಷ ಮುಂದುವರಿಯುತ್ತಾರೆ, ಅಷ್ಟೂ ದಿನ ಮೈಸೂರಿನವರನ್ನು ಬೇರೆ ಪ್ರಾಜೆಕ್ಟಿಗೆ ಎಳೆಯುವುದಿಲ್ಲ.

ಹೆಜ್ಜೆ 3: ಉಳಿಸಿಕೊಳ್ಳುವ ಬೋನಸ್‌ನ ಲೆಕ್ಕ

ಹಣ ಜನರನ್ನು ಕೆಲ ಕಾಲ ತಡೆದು ನಿಲ್ಲಿಸುತ್ತದೆ, ಅಷ್ಟೇ. ಅದಕ್ಕೇ ಕೊಡುವ ರೀತಿ ಮುಖ್ಯ. ವರ್ಷ ತುಂಬಿದ ದಿನ ಪೂರ್ತಿ ಮೊತ್ತ ಕೊಡುವ ಕರಾರು ಮಾಡಿದರೆ, ಹದಿಮೂರನೇ ತಿಂಗಳು ರಾಜೀನಾಮೆಗಳು ಒಟ್ಟೊಟ್ಟಿಗೆ ಬರಬಹುದು. ಮೊದಲೇ ಕೊಟ್ಟು, ಬಿಟ್ಟು ಹೋದರೆ ವಾಪಸ್ ಕೊಡಬೇಕು ಎನ್ನುವುದು ಇನ್ನೂ ಕಷ್ಟ. ಬೋನಸ್ ಸಂಬಳದ ಲೆಕ್ಕಕ್ಕೆ ಸೇರಿ ತೆರಿಗೆ ಕಡಿತವಾಗಿ ಕೈಗೆ ಬಂದಿರುತ್ತದೆ, ಕಂಪನಿ ಮಾತ್ರ ಪೂರ್ತಿ ಮೊತ್ತ ವಾಪಸ್ ಕೇಳುತ್ತದೆ. ಅಲ್ಲಿಂದ ಜಗಳ ಶುರು.

ಆರು ಲಕ್ಷ ಕೊಡುವುದಿದ್ದರೆ ಆರನೇ ತಿಂಗಳಿಗೆ ಒಂದು ಲಕ್ಷ, ಹನ್ನೆರಡಕ್ಕೆ ಎರಡು, ಹದಿನೆಂಟಕ್ಕೆ ಮೂರು ಎಂದು ಹಂಚಿ. ಕಂಪನಿಯೇ ಕೆಲಸದಿಂದ ತೆಗೆದರೆ ಉಳಿದ ಹಣ ಸಿಗುತ್ತದೆ ಎಂದೂ ಬರೆಯಿರಿ. ಆ ಸಾಲಿಲ್ಲದ ಕರಾರನ್ನು ಅನುಭವಿಗಳು ನಂಬುವುದಿಲ್ಲ. ಸಪೋರ್ಟ್‌ನಲ್ಲಿರುವ ಆ ವ್ಯಕ್ತಿಗೆ ಹಣದ ಜೊತೆ ಹುದ್ದೆಯೂ ಬೇಕು. ಬೆಂಗಳೂರಿನ ಶ್ರೇಣಿಯಲ್ಲಿ ಅವರನ್ನು ‘ಜೂನಿಯರ್ ಎಕ್ಸಿಕ್ಯೂಟಿವ್’ ಎಂದು ಕೂರಿಸಿದರೆ ಬೋನಸ್ ಪೂರ್ತಿ ವ್ಯರ್ಥ.

ಹೆಜ್ಜೆ 4: ಕೆಲಸದ ಪದ್ಧತಿಯನ್ನು ಕೊನೆಗೆ ಮುಟ್ಟಿ, ಒಂದೊಂದಾಗಿ

ಹೆಚ್ಚಿನವರು ಎಡವುವುದು ಇಲ್ಲಿ. ಕೊಂಡವರ ಟಿಕೆಟ್ ವ್ಯವಸ್ಥೆ ಮುಂದಿನ ಸೋಮವಾರದಿಂದ ಎಲ್ಲರಿಗೂ ಅನ್ವಯ ಎಂದು ಮೇಲ್ ಹೋಗುತ್ತದೆ. ಮೈಸೂರಿನಲ್ಲಿ ಬೆಳಿಗ್ಗೆ ಎಂಟಕ್ಕೆ ಲ್ಯಾಬ್‌ನಿಂದ ಫೋನ್ ಬರುತ್ತದೆ: ಯಂತ್ರದಿಂದ ಫಲಿತಾಂಶ ಬರುತ್ತಿಲ್ಲ, ಉಪವಾಸ ಬಂದು ರಕ್ತ ಕೊಟ್ಟವರು ರಿಪೋರ್ಟಿಗೆ ಕಾಯುತ್ತಿದ್ದಾರೆ. ನಮ್ಮ ಸಪೋರ್ಟ್‌ನವರು ಈಗ ಟಿಕೆಟ್ ಹಾಕಿ ಮೂವರ ಒಪ್ಪಿಗೆಗೆ ಕಾಯಬೇಕು. ಗ್ರಾಹಕರ ಮುಂದೆ ಅವರ ಮರ್ಯಾದೆ ಹೋಗುತ್ತದೆ. ಅವರು ಕೆಲಸ ಬಿಡುವ ಯೋಚನೆ ಮಾಡುವುದು ಆ ಬೆಳಿಗ್ಗೆ.

ಹಾಗೆಂದು ಬೆಂಗಳೂರಿನವರ ನಿಧಾನಕ್ಕೆ ಕಾರಣವಿಲ್ಲ ಎಂದಲ್ಲ. ಬಿಲ್ಲಿನ ಮೊತ್ತ ತಪ್ಪಾದರೆ ಇನ್ಶೂರೆನ್ಸ್ ಕ್ಲೇಮ್ ತಿರಸ್ಕೃತವಾಗುತ್ತದೆ, ಡಿಸ್ಚಾರ್ಜ್ ನಿಲ್ಲುತ್ತದೆ, ರೋಗಿಯ ಮನೆಯವರು ಕೌಂಟರ್ ಮುಂದೆ ಕೂಗಾಡುತ್ತಾರೆ. ಅಂಥ ಏಟು ತಿಂದೇ ಆ ಮೂರು ಒಪ್ಪಿಗೆಗಳು ಹುಟ್ಟಿಕೊಂಡಿರುತ್ತವೆ.

ಆದ್ದರಿಂದ ಮೊದಲ ತಿಂಗಳು ಬರೀ ನೋಡಿ. ಬೆಂಗಳೂರಿನ ಇಬ್ಬರು ಮೈಸೂರಿನಲ್ಲಿ ಒಂದು ವಾರ ಬೆಳಗಿನ ಫೋನ್ ಕರೆಗಳ ಪಕ್ಕ ಕೂರಲಿ. ಮೈಸೂರಿನ ಇಬ್ಬರು ಬೆಂಗಳೂರಿನಲ್ಲಿ ಹೊಸ ಆವೃತ್ತಿ ಹೊರಬರುವ ವಾರ ಜೊತೆಗಿರಲಿ. ಆಮೇಲೆ ಕೂತು, ಯಾವ ಬಗೆಯ ತಪ್ಪಿನಿಂದ ಯಾರಿಗೆ ಎಷ್ಟು ಹಾನಿ ಎಂದು ವಿಂಗಡಿಸಿ. ನಮ್ಮ ಉದಾಹರಣೆಯಲ್ಲಿ ಒಪ್ಪಂದ ಹೀಗಾಗಬಹುದು: ಒಂದು ಲ್ಯಾಬ್‌ನ ಯಂತ್ರದ ಜೋಡಣೆಗಷ್ಟೇ ಸಂಬಂಧಿಸಿದ ತೊಂದರೆಯನ್ನು ಮೈಸೂರಿನವರು ಆಗಲೇ ಸರಿಮಾಡುತ್ತಾರೆ, ಏನು ಮಾಡಿದೆವೆಂದು ಸಂಜೆಯೊಳಗೆ ಟಿಕೆಟ್‌ನಲ್ಲಿ ಬರೆಯುತ್ತಾರೆ. ರಿಪೋರ್ಟಿನ ಅಂಕಿ ಲೆಕ್ಕ ಹಾಕುವ ಭಾಗವನ್ನೋ ಬಿಲ್ಲಿನ ಮೊತ್ತವನ್ನೋ ಮುಟ್ಟುವುದಾದರೆ ಮೂರು ಒಪ್ಪಿಗೆಯೂ ಬೇಕು. ಮೈಸೂರಿನವರಿಗೂ ಇದರಿಂದ ಲಾಭವಿದೆ. ಒಬ್ಬರ ತಲೆಯಲ್ಲಿದ್ದದ್ದು ದಿನಕ್ಕಿಷ್ಟು ಬರಹಕ್ಕೆ ಬರುತ್ತದೆ, ಅವರು ನಿಶ್ಚಿಂತೆಯಿಂದ ರಜೆ ಹಾಕಬಹುದು.

ಆರು ವಾರ ಹೀಗೆ ನಡೆಸಿ ಲೆಕ್ಕ ನೋಡಿ. ಅದೇ ದಿನ ಸರಿಯಾದವು ಎಷ್ಟು, ಸರಿಯಾಯಿತೆಂದು ಬಿಟ್ಟ ಮೇಲೆ ಮತ್ತೆ ಕೆಟ್ಟವು ಎಷ್ಟು? ಮತ್ತೆ ಕೆಡುವುದು ಹೆಚ್ಚಾಗಿದ್ದರೆ ಬೆಂಗಳೂರಿನ ಪರಿಶೀಲನೆಯನ್ನು ಸ್ವಲ್ಪ ಈ ಕಡೆ ತನ್ನಿ. ಇದು ನೆಲೆಯಾದ ಮೇಲೆ ಅಪ್ರೈಸಲ್, ಆಮೇಲೆ ಹಾಜರಾತಿ. ಎರಡನ್ನು ಒಂದೇ ತಿಂಗಳು ಬದಲಿಸಬೇಡಿ. ಮಾಡಿದರೆ, ಜನರಿಗೆ ಕಿರಿಕಿರಿಯಾದದ್ದು ಯಾವುದರಿಂದ ಎಂದು ನಿಮಗೇ ತಿಳಿಯುವುದಿಲ್ಲ.

ಹೆಜ್ಜೆ 5: ಹೊರಡುವ ಸೂಚನೆ ಗುರುತಿಸಿ

ಮುಖ್ಯವಾದವರು ಜಗಳ ಮಾಡುತ್ತಿರುವಷ್ಟು ದಿನ ಭಯವಿಲ್ಲ. ಮೀಟಿಂಗ್‌ನಲ್ಲಿ ಪ್ರತಿ ಸಲ ಎದುರು ಮಾತಾಡುತ್ತಿದ್ದವರು ‘ಆಯ್ತು ಸರ್, ಹಾಗೇ ಮಾಡೋಣ’ ಎಂದು ಸುಮ್ಮನಾದರೆ ಅದೇ ವಾರ ಹೋಗಿ ಮಾತಾಡಿಸಿ. ಬಿಡಿ ಬಿಡಿಯಾಗಿ ಅರ್ಧ ದಿನದ ರಜೆಗಳು, ಯಾರೂ ಕೇಳದಿದ್ದರೂ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಲು ಶುರು ಮಾಡುವುದು, ಇವೂ ಸೂಚನೆಗಳೇ. ಮಾತಾಡಿಸುವವರು ತೀರ್ಮಾನ ಮಾಡುವ ಅಧಿಕಾರ ಇರುವವರಾಗಿರಲಿ. ‘ಮೇಲಿನವರಿಗೆ ತಿಳಿಸ್ತೀನಿ’ ಎನ್ನುವವರನ್ನು ಕಳಿಸಿ ಪ್ರಯೋಜನವಿಲ್ಲ.

ಇಷ್ಟು ಮಾಡಿದರೂ ಕೆಲವರು ಹೋಗುತ್ತಾರೆ. ಚಿಕ್ಕ ಕಂಪನಿಯಲ್ಲೇ ಇರಬೇಕೆಂದು ಸೇರಿದವರು ದೊಡ್ಡದರಲ್ಲಿ ನಿಲ್ಲುವುದು ಕಷ್ಟ, ಅವರನ್ನು ಹಣ ಹೆಚ್ಚಿಸಿ ಹಿಡಿಯಲು ಹೋಗಬೇಡಿ. ರಾಜೀನಾಮೆ ಬಂದರೆ ನೋಟಿಸ್ ಪೀರಿಯಡ್‌ನ ಅರವತ್ತೋ ತೊಂಬತ್ತೋ ದಿನಗಳನ್ನು ಡಾಕ್ಯುಮೆಂಟ್ ಬರೆಸುವುದರಲ್ಲಿ ಕಳೆಯದೆ, ಅವರ ಜಾಗಕ್ಕೆ ಬರುವವರನ್ನು ಮೊದಲ ವಾರದಿಂದಲೇ ಪಕ್ಕದಲ್ಲಿ ಕೂರಿಸಿ. ಎರಡನೇ ತಿಂಗಳಿನಿಂದ ಫೋನ್ ಎತ್ತುವುದು ಹೊಸಬರ ಕೆಲಸವಾಗಲಿ. ಹೋಗುವವರು ಪಕ್ಕದಲ್ಲಿದ್ದು, ತಪ್ಪಿದಾಗ ಮಾತ್ರ ಹೇಳಿಕೊಡಲಿ.