ಕಂಟ್ರೋಲರ್ ಪ್ಯಾನೆಲಿನ ಹತ್ತಿರವಲ್ಲ, ಬ್ಯಾಟರಿಯ ಹತ್ತಿರ

ಕುಂಬಳೆಯ ಈಚೆ, ಶಿರಿಯ ಹೊಳೆಯ ಅಳಿವೆಯಲ್ಲಿ ನಮ್ಮ ಫೈಬರ್ ದೋಣಿ ಕಟ್ಟಿರುತ್ತದೆ. ರಾತ್ರಿ ಬಲೆಗೆ ಹೋಗುವಾಗ ಎರಡು ಎಲ್‌ಇಡಿ ದೀಪ, ಒಂದು ಜಿಪಿಎಸ್, ಮೊಬೈಲ್ ಚಾರ್ಜು, ಇಷ್ಟೇ ಖರ್ಚು. ಲೆಕ್ಕ ಹಾಕಿದರೆ ರಾತ್ರಿಗೆ ಹತ್ತು ಹನ್ನೊಂದು ಆಂಪಿಯರ್-ಅವರ್. 100 ವಾಟ್ ಸೋಲಾರ್ ಪ್ಯಾನೆಲಿಗೆ ಒಳ್ಳೆಯ ಬಿಸಿಲಿನ ದಿನ ಅದು ದೊಡ್ಡದಲ್ಲ. ಆದರೂ ಬೆಳಿಗ್ಗೆ ನೋಡಿದರೆ ಬ್ಯಾಟರಿ 12.2 ವೋಲ್ಟಿಗೆ ಇಳಿದಿರುತ್ತಿತ್ತು, ಅಂದರೆ ಸುಮಾರು ಅರ್ಧ ಖಾಲಿ.

"ಬಿಸಿಲು ಇಷ್ಟು ಉಂಟಲ್ಲ ಮಾರಾಯ, ಬ್ಯಾಟರಿ ಯಾಕೆ ತುಂಬುವುದಿಲ್ಲ?" ಎಂದು ಭಾವ ಕೇಳಿದರು. ಹೊಸ ಪ್ಯಾನೆಲ್ ತರುವ ಮೊದಲು ಮಲ್ಟಿಮೀಟರ್ ಹಿಡಿಯುವ ಎಂದೆ.

ನಡು ಮಧ್ಯಾಹ್ನ, ಚಾರ್ಜ್ ಆಗುತ್ತಿರುವಾಗಲೇ ಅಳೆದೆ. ಪ್ಯಾನೆಲಿನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹಿಡಿತದಲ್ಲಿಡುವುದು ಕಂಟ್ರೋಲರ್. ಅದರ ಬ್ಯಾಟರಿ ಟರ್ಮಿನಲ್‌ನಲ್ಲಿ 14.4 ವೋಲ್ಟ್. ಅದೇ ಕ್ಷಣ ಬ್ಯಾಟರಿಯ ಮೇಲೆ 13.8. ನಡುವಿನ 0.6 ವೋಲ್ಟ್ ವಯರಿನಲ್ಲೇ ಕರಗುತ್ತಿತ್ತು. ಅಂಗಡಿಯಿಂದ ಬಂದು ಫಿಟ್ ಮಾಡಿದವರು ಕಂಟ್ರೋಲರನ್ನು ಮುಂದೆ, ಪ್ಯಾನೆಲಿನ ಕೆಳಗೆ ಕೂರಿಸಿದ್ದರು. ಬ್ಯಾಟರಿ ಇರುವುದು ಹಿಂದೆ, ಎಂಜಿನಿನ ಬಳಿ. ನಡುವೆ ಐದು ಮೀಟರ್, ಅದೂ 1.5 ಚದರ ಮಿಲಿಮೀಟರಿನ ವಯರು. ಹೋಗಿ ಬರುವ ದಾರಿ ಸೇರಿ ಹತ್ತು ಮೀಟರಿನ ರೋಧ ಸುಮಾರು 0.12 ಓಮ್. ಐದು ಆಂಪಿಯರ್ ಹರಿದರೆ 0.6 ವೋಲ್ಟ್ ಬೀಳಲೇಬೇಕು.

ಕಂಟ್ರೋಲರ್ ನೋಡುವುದು ತನ್ನ ಟರ್ಮಿನಲ್ ಮಾತ್ರ. ಅಲ್ಲಿ 14.4 ಕಂಡ ಕೂಡಲೇ ಅದು ಕರೆಂಟ್ ಕಡಿಮೆ ಮಾಡಲು ಶುರು ಮಾಡುತ್ತದೆ. ಕರೆಂಟ್ ಇಳಿದ ಹಾಗೆ ವಯರಿನ ನಷ್ಟವೂ ಇಳಿಯುತ್ತದೆ, ಹಾಗಾಗಿ ಬ್ಯಾಟರಿ ನಿಧಾನಕ್ಕೆ ತುಂಬುತ್ತಾ ಇರುತ್ತದೆ. ಆದರೆ ಅಷ್ಟರಲ್ಲಿ ಸೂರ್ಯ ಸಮುದ್ರಕ್ಕೆ ಇಳಿದಾಗಿರುತ್ತದೆ. ಲೆಡ್ ಆಸಿಡ್ ಬ್ಯಾಟರಿ ದಿನವೂ ಹೀಗೆ ಅರೆಹೊಟ್ಟೆಯಲ್ಲಿ ಉಳಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಆಯುಷ್ಯವೇ ಕುಗ್ಗುತ್ತದೆ.

ಹೊಸ ಸಾಮಾನು ಹೆಚ್ಚೇನೂ ಬೇಕಾಗಲಿಲ್ಲ. ಕಂಟ್ರೋಲರನ್ನು ಹಿಂದಕ್ಕೆ ತಂದು, ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿ ಕೂರಿಸಿ, ನಡುವೆ 4 ಚದರ ಮಿಲಿಮೀಟರಿನ ಗಿಡ್ಡ ವಯರು ಕೊಟ್ಟೆ. ಹಳೆಯ ಉದ್ದ ವಯರು ಪ್ಯಾನೆಲಿನ ಕಡೆಗೆ ಹೋಯಿತು. ಅಲ್ಲೂ ಅಷ್ಟೇ ವೋಲ್ಟ್ ಬೀಳುತ್ತದಲ್ಲ ಎಂದು ಭಾವ ವಾದಿಸಿದರು. ಬೀಳುತ್ತದೆ, ಆದರೆ ನಮ್ಮದು ಪಿಡಬ್ಲ್ಯೂಎಂ ಕಂಟ್ರೋಲರ್, ಪ್ಯಾನೆಲಿನ ಹೆಚ್ಚುವರಿ ವೋಲ್ಟನ್ನು ಅದು ಬಳಸುವುದೇ ಇಲ್ಲ. 12 ವೋಲ್ಟಿನದೆಂದು ಮಾರುವ ಪ್ಯಾನೆಲ್ ಕೆಲಸ ಮಾಡುವುದು 18 ವೋಲ್ಟಿನ ಹತ್ತಿರ. ಬಿಸಿಲಿಗೆ ಕಾದು 16ಕ್ಕೆ ಇಳಿದರೂ ಬೇಕಾದ 15 ಸಿಗುತ್ತದೆ, ಕರೆಂಟ್ ಕಡಿಮೆಯಾಗುವುದಿಲ್ಲ. ಹೆಚ್ಚುವರಿ ವೋಲ್ಟನ್ನೂ ಕರೆಂಟಾಗಿ ಬದಲಿಸುವ ಎಂಪಿಪಿಟಿ ಆಗಿದ್ದರೆ ಅಲ್ಲಿಯ ನಷ್ಟವೂ ಲೆಕ್ಕಕ್ಕೆ ಬರುತ್ತಿತ್ತು.

ಆಮೇಲೆ ಅಳೆದಾಗ ಎರಡೂ ಕಡೆ ಒಂದೇ ಅಂಕೆ. ಸಂಜೆ ಪ್ಯಾನೆಲ್ ಕಳಚಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 12.7, ಅಂದರೆ ಬ್ಯಾಟರಿ ತುಂಬಿದೆ.

ಆದರೆ ಕಂಟ್ರೋಲರನ್ನು ಬ್ಯಾಟರಿಯ ಮುಚ್ಚಿದ ಪೆಟ್ಟಿಗೆಯೊಳಗೆ ಇಡಬಾರದು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುತ್ತದೆ, ಒಂದು ಕಿಡಿ ಸಾಕು. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಬ್ಯಾಟರಿಯ ಪ್ಲಸ್ಸಿನ ಬುಡದಲ್ಲೇ 15 ಆಂಪಿಯರ್ ಫ್ಯೂಸ್ ಹಾಕಿದ್ದೇನೆ. ಉಪ್ಪುಗಾಳಿಗೆ ವಯರಿನ ತುದಿಯ ಲಗ್ಗುಗಳು ಹಸಿರು ಹಿಡಿದರೆ ಅದೇ 0.6 ವೋಲ್ಟಿನ ಕಳ್ಳ ಮತ್ತೆ ಬರುತ್ತಾನೆ. ಹಾಗಾಗಿ ಟರ್ಮಿನಲ್ಲಿಗೆ ಗ್ರೀಸ್ ಸವರಿ, ಆಗಾಗ ಎರಡೂ ತುದಿಯಲ್ಲಿ ಮೀಟರ್ ಇಟ್ಟು ನೋಡುತ್ತೇನೆ.