ಏಲಂ ಲೆಕ್ಕಕ್ಕೆ ಹ್ಯಾಶ್ ಸರಪಳಿ: ಮಲ್ಪೆಯ ಒಂದು ಬೋಟಿನ ಅನುಭವ

ಮಲ್ಪೆ ಬಂದರಿನಲ್ಲಿ ಟ್ರಾಲ್ ಬೋಟಿನ ಏಲಂ ಲೆಕ್ಕವನ್ನು ಯಜಮಾನರೂ ನಂಬಬೇಕು, ಪಾಲಿನ ಮೇಲೆ ದುಡಿಯುವ ತಾಂಡೇಲ, ಕಲಾಸಿಗಳೂ ನಂಬಬೇಕು. ಪಾಲು ಹಂಚುವ ಹೊತ್ತಿಗೆ ಎರಡು ತಿಂಗಳ ಹಿಂದಿನ ತೂಕವನ್ನು ಯಾರೂ ತಿದ್ದಿಲ್ಲ ಎಂದು ತೋರಿಸಲು ನಾವು ಬಳಸುತ್ತಿರುವುದು ಹ್ಯಾಶ್ ಸರಪಳಿ. ಹ್ಯಾಶ್ ಎಂದರೆ ಬರಹದಿಂದ ಲೆಕ್ಕ ಹಾಕಿ ತೆಗೆದ 64 ಅಕ್ಷರದ ಗುರುತು, ಬರಹದಲ್ಲಿ ಒಂದು ಅಕ್ಷರ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ಇದಕ್ಕೆ ಒಂದು ಪಠ್ಯ ಕಡತ ಮತ್ತು ಯಾವುದೇ ಲಿನಕ್ಸ್ ಯಂತ್ರದಲ್ಲಿರುವ `sha256sum` ಸಾಕು.

ಪ್ರತಿ ಮಾರಾಟಕ್ಕೆ ಒಂದು ಸಾಲು: ಕ್ರಮಸಂಖ್ಯೆ, ದಿನಾಂಕ, ಮೀನು, ಕೆಜಿ, ದರ.

```
1|2024-08-12|ಬಂಗುಡೆ|420|110
2|2024-08-12|ತೊರಕೆ|640|95
3|2024-08-13|ಬೂತಾಯಿ|900|60
```

ಒಂದು ಸಾಲಿನ ಹ್ಯಾಶ್ ತೆಗೆಯುವಾಗ ಅದರ ಮುಂದೆ ಹಿಂದಿನ ಸಾಲಿನ ಹ್ಯಾಶನ್ನೂ ಸೇರಿಸುತ್ತೇವೆ. ಸರಪಳಿ ಎಂದರೆ ಇಷ್ಟೇ. ಮೊದಲ ಸಾಲಿಗೆ ಹಿಂದಿನದು ಇಲ್ಲದ ಕಾರಣ 64 ಸೊನ್ನೆ ಇಡುತ್ತೇವೆ.

```
prev=$(printf '%064d' 0)
while IFS= read -r line; do
  prev=$(printf '%s|%s' "$prev" "$line" | sha256sum | cut -d' ' -f1)
  printf '%s|%s\n' "$line" "$prev"
done < lekka.txt > sarapali.txt
```

ಪರಿಶೀಲನೆಗೆ ಬೇರೆ ಪ್ರೋಗ್ರಾಂ ಬೇಡ. ಕೊನೆಯ ಕಾಲಂ ತೆಗೆದು ಇದನ್ನೇ ಮತ್ತೆ ಓಡಿಸಿ, ಹಳೆಯ ಕಡತದ ಜೊತೆ `diff` ಮಾಡಿದರಾಯಿತು.

ಈಗ ಯಾರೋ ತೊರಕೆಯ 640 ಕೆಜಿಯನ್ನು 540 ಮಾಡಿದರು ಎನ್ನಿ. ಸಾಲನ್ನು ಮಾತ್ರ ತಿದ್ದಿದ್ದರೆ ಎರಡನೇ ಸಾಲಿನಿಂದಲೇ ಹ್ಯಾಶ್ ತಾಳೆಯಾಗುವುದಿಲ್ಲ. ಅವರು ಆ ಸಾಲಿನ ಹ್ಯಾಶನ್ನೂ ಹೊಸದಾಗಿ ಬರೆದಿದ್ದರೆ ಎರಡನೆಯದು ಸರಿ ಕಾಣುತ್ತದೆ, ಮೂರನೆಯದು ತಪ್ಪುತ್ತದೆ. ಏಕೆಂದರೆ ಮೂರನೆಯದನ್ನು ಲೆಕ್ಕ ಹಾಕಿದ್ದು ಎರಡನೆಯದರ ಹಳೆಯ ಹ್ಯಾಶಿನಿಂದ. ಹಾಗಾಗಿ `diff` ಮೊದಲು ತೋರಿಸಿದ ಸಾಲಿನ ಜೊತೆಗೆ ಅದರ ಮೇಲಿನದನ್ನೂ ನೋಡಬೇಕು.

ಆದರೆ ಎರಡರಿಂದ ಕೊನೆಯವರೆಗೆ ಎಲ್ಲ ಹ್ಯಾಶನ್ನೂ ಹೊಸದಾಗಿ ಹಾಕಿದರೆ? ಆಗ ಕಡತದೊಳಗೆ ಯಾವ ತಪ್ಪೂ ಕಾಣಿಸದು, ಮತ್ತು ಆ ಕೆಲಸಕ್ಕೆ ಹೆಚ್ಚು ಹೊತ್ತೂ ಬೇಡ. ಸರಪಳಿಯನ್ನು ತಮ್ಮದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಲೆಕ್ಕ ಭದ್ರವೆಂದು ನಂಬುವವರು ಗಮನಿಸದೇ ಹೋಗುವುದು ಇದನ್ನೇ. ಕೊನೆಯ ಹ್ಯಾಶ್ ಲೆಕ್ಕ ಬರೆಯುವವರ ಕೈಗೆ ಸಿಗದ ಜಾಗದಲ್ಲಿ ಇದ್ದರೆ ಮಾತ್ರ ಇಡೀ ಸರಪಳಿಗೆ ಬೆಲೆ.

ನಾವು ಪ್ರತಿ ಸಂಜೆ ಕೊನೆಯ ಹ್ಯಾಶನ್ನು ಪಾಲುದಾರರ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತೇವೆ, ಖರೀದಿದಾರರ ಚೀಟಿಯಲ್ಲೂ ಕ್ಯೂಆರ್ ಆಗಿ ಮುದ್ರಿಸುತ್ತೇವೆ. ಹಲವರ ಕೈಯಲ್ಲಿರುವುದನ್ನು ಒಬ್ಬರು ಹಿಂದಕ್ಕೆ ಪಡೆಯಲಾರರು. ಸಂಶೋಧಕರಾದ ಹೇಬರ್ ಮತ್ತು ಸ್ಟೊರ್ನೆಟಾ 1991ರಲ್ಲಿ ಈ ದಾರಿಯನ್ನು ವಿವರಿಸಿದ್ದರು. ಅವರ ಕಂಪನಿ 1995ರಿಂದ ವಾರಕ್ಕೊಂದು ಹ್ಯಾಶನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಜಾಹೀರಾತಾಗಿ ಅಚ್ಚು ಹಾಕಿಸಿತು. ಬಿಟ್‌ಕಾಯಿನ್‌ನ ಪ್ರತಿ ಬ್ಲಾಕಿನ ತಲೆಭಾಗದಲ್ಲೂ ಹಿಂದಿನ ಬ್ಲಾಕಿನ ಹ್ಯಾಶ್ ಇರುತ್ತದೆ. ಪತ್ರಿಕೆಯ ಜಾಗದಲ್ಲಿ ಅಲ್ಲಿರುವುದು ಪ್ರತಿ ಇಟ್ಟುಕೊಂಡ ಸಾವಿರಾರು ಕಂಪ್ಯೂಟರುಗಳು ಮತ್ತು ಬ್ಲಾಕನ್ನು ಮತ್ತೆ ಕಟ್ಟಲು ತಗಲುವ ಭಾರೀ ವಿದ್ಯುತ್ ಖರ್ಚು. ಒಂದು ಬೋಟಿನ ಲೆಕ್ಕಕ್ಕೆ ಅಷ್ಟೆಲ್ಲ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಚೀಟಿಯಲ್ಲಿ ಜಾಗ ಉಳಿಸಲು ಮೊದಲ 8 ಅಕ್ಷರ ಮಾತ್ರ ಹಾಕೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. 8 ಅಕ್ಷರ ಎಂದರೆ 32 ಬಿಟ್, ಸುಮಾರು 429 ಕೋಟಿ ಸಾಧ್ಯತೆ. ಲೆಕ್ಕ ತಿದ್ದಿದವರು ಕೊನೆಯ ಸಾಲಿನ ಕೊನೆಗೆ ಏನಾದರೊಂದು ಷರಾ ಸೇರಿಸಿ, ಅದನ್ನು ಬದಲಿಸುತ್ತಾ ಆ 8 ಅಕ್ಷರ ಕೂಡಿಬರುವವರೆಗೆ ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಹುಡುಕಬಹುದು. ಪೂರ್ತಿ 64 ಅಕ್ಷರ ಇರಲಿ.

ಹ್ಯಾಶಿನ ಜೊತೆ ಸಾಲುಗಳ ಸಂಖ್ಯೆಯನ್ನೂ ಕೊಡಬೇಕು. ಕೊನೆಯ ಐದು ಸಾಲು ಅಳಿಸಿದರೂ ಉಳಿದ ಸರಪಳಿ ತನ್ನಷ್ಟಕ್ಕೆ ಸರಿಯಾಗಿಯೇ ಇರುತ್ತದೆ. "212 ಸಾಲು" ಎಂದು ಗುಂಪಿನಲ್ಲಿದ್ದರೆ ಬಾಲ ಕತ್ತರಿಸಿದ್ದು ಕಡತ ತೆರೆದ ಕೂಡಲೇ ಗೊತ್ತಾಗುತ್ತದೆ.

ಯಾರೂ ತಿದ್ದದೆ ಹ್ಯಾಶ್ ತಪ್ಪುವುದೂ ಉಂಟು, ಅದು ಹೆಚ್ಚಾಗಿ ಬೈಟ್‌ಗಳ ವ್ಯತ್ಯಾಸ. `printf 'hello' | sha256sum` ಕೊಟ್ಟರೆ `2cf24dba` ಎಂದು ಶುರುವಾಗುತ್ತದೆ, `echo hello | sha256sum` ಕೊಟ್ಟರೆ `5891b5b5`. ಕಣ್ಣಿಗೆ ಕಾಣದ ಸಾಲುಮುರಿತವೇ ಕಾರಣ. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ತೊರಕೆಯ "ೊ" ಕಾರವನ್ನು `U+0CCA` ಎಂದು ಒಂದೇ ಸಂಕೇತವಾಗಿ ಬರೆಯಬಹುದು, `U+0CC6` ಮತ್ತು `U+0CC2` ಎಂದು ಎರಡಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ, ಹ್ಯಾಶ್ ಬೇರೆ. ಆದ್ದರಿಂದ ಸಾಲು ಸೇರಿಸುವ ಮೊದಲೇ ಎಲ್ಲವನ್ನೂ ಇಂಥ ಜೋಡಿಯನ್ನು ಒಂದೇ ಸಂಕೇತವಾಗಿಸುವ ಯುನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತರುತ್ತೇವೆ, ಕೆಜಿಯನ್ನು 640 ಎಂದೇ ಬರೆಯುತ್ತೇವೆ, 640.0 ಎಂದಲ್ಲ. ಕಡತದ ಕೊನೆಯ ಸಾಲಿಗೆ ಸಾಲುಮುರಿತ ಇಲ್ಲದಿದ್ದರೆ ಮೇಲಿನ `read` ಅದನ್ನು ಬಿಟ್ಟೇಬಿಡುತ್ತದೆ.

ತಕ್ಕಡಿಯ ಬಳಿಯೇ ಸುಳ್ಳು ತೂಕ ಬರೆದರೆ ಸರಪಳಿ ಏನೂ ಮಾಡಲಾರದು. ಬರೆಯುವಾಗ ನಿಜವಾಗಿಯೇ ತಪ್ಪಿದ್ದರೆ ಹಳೆಯ ಸಾಲನ್ನು ಮುಟ್ಟದೆ, ಅದೇ ಮೀನಿಗೆ -640 ಎಂದೊಂದು ಸಾಲು, ಸರಿಯಾದ ತೂಕದ್ದು ಇನ್ನೊಂದು ಸಾಲು ಕೊನೆಗೆ ಸೇರಿಸುತ್ತೇವೆ.